ಎರಡನೇ ರಿಲೇ ‘ಟಕ್’ ಅಂದ ಕೂಡಲೇ ಬೋರ್ಡ್ ರೀಸೆಟ್: ಹಾರ್ಡ್‌ವೇರ್ ಡಿಬಗ್ಗಿಂಗ್ ಸ್ಪರ್ಧೆಯ ಪ್ರಕಟಣೆ ಮತ್ತು ಒಂದು ಮಾದರಿ ದೋಷ

ಕಾಲೇಜಿನ ಎಲೆಕ್ಟ್ರಾನಿಕ್ಸ್ ಕ್ಲಬ್ ಬರುವ ತಿಂಗಳ ಮೊದಲ ಶನಿವಾರ ಹಾರ್ಡ್‌ವೇರ್ ಡಿಬಗ್ಗಿಂಗ್ ಸ್ಪರ್ಧೆ ನಡೆಸುತ್ತಿದೆ. ಜಾಗ ಎರಡನೇ ಮಹಡಿಯ ಅನಲಾಗ್ ಲ್ಯಾಬ್, ಸಮಯ ಬೆಳಿಗ್ಗೆ 10 ಗಂಟೆ. ಒಂದು ತಂಡದಲ್ಲಿ ಇಬ್ಬರು. ಯಾವ ಸೆಮಿಸ್ಟರ್‌ನವರಾದರೂ ಬರಬಹುದು, ಡಿಪ್ಲೊಮಾದಿಂದ ನೇರವಾಗಿ ಎರಡನೇ ವರ್ಷಕ್ಕೆ ಸೇರಿದವರೂ ಬರಬಹುದು. ಪ್ರತಿ ತಂಡಕ್ಕೂ ಕೆಟ್ಟಿರುವ ಒಂದು ಬೋರ್ಡ್ ಕೊಡುತ್ತೇವೆ. 90 ನಿಮಿಷದಲ್ಲಿ ದೋಷ ಹುಡುಕಬೇಕು, ಅದೇ ದೋಷ ಅಂತ ಅಳತೆ ತೋರಿಸಿ ಸಾಬೀತು ಮಾಡಬೇಕು, ಆಮೇಲೆ ಸರಿಪಡಿಸಬೇಕು.

ಈ ಮೂರರಲ್ಲಿ ಜಾಸ್ತಿ ಅಂಕ ಇರುವುದು ನಡುವಿನದಕ್ಕೆ. ಬೋರ್ಡ್ ಹೇಗೋ ಓಡಿತು ಅಂದರೆ ಅರ್ಧ ಅಂಕವೂ ಬರುವುದಿಲ್ಲ. ಇದು ಯಾಕೆ ಅಂತ ಬರೀ ನಿಯಮ ಓದಿದರೆ ಅರ್ಥವಾಗುವುದು ಕಷ್ಟ. ಅದಕ್ಕೇ ಕೆಳಗೆ ಒಂದು ಮಾದರಿ ದೋಷವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸಿದ್ದೇವೆ. ಸ್ಪರ್ಧೆಯಲ್ಲಿ ಇದೇ ಬೋರ್ಡ್ ಇರುತ್ತದೆ, ದೋಷ ಮಾತ್ರ ಬೇರೆ.

ಬೋರ್ಡ್ ಹೇಗಿದೆ

ಮೊಹರು ಮಾಡಿದ ಡಬ್ಬಿಯಲ್ಲಿ 9 ವೋಲ್ಟ್, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರಿಂದ ಹೊರಗೆ ಬರುವುದು ಎರಡು ವೈರ್, ತುದಿಯಲ್ಲಿ ಒಂದು ಪ್ಲಗ್. ಆ ಪ್ಲಗ್ ಬೋರ್ಡಿಗೆ ಕೂರುತ್ತದೆ. ಅಲ್ಲಿಂದ ಮುಂದೆ ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜ್, 470 ಮೈಕ್ರೊಫ್ಯಾರಡ್ ಫಿಲ್ಟರ್ ಕೆಪಾಸಿಟರ್, ಅದಾದ ಮೇಲೆ 7805 ರೆಗ್ಯುಲೇಟರ್. 5 ವೋಲ್ಟಿನಲ್ಲಿ ನಡೆಯುವುದು ಎಟಿಮೆಗಾ328ಪಿ ಮೈಕ್ರೊಕಂಟ್ರೋಲರ್. ಆರ್ಡುಯಿನೊ ಊನೊದಲ್ಲಿ ಇರುವ ಚಿಪ್ಪೇ, ಇಲ್ಲಿ 28 ಕಾಲಿನ ಸಾಕೆಟ್‌ನಲ್ಲಿ ಕೂತಿದೆ. ಅದು ಯುಎಲ್‌ಎನ್2003 ಮೂಲಕ ಎರಡು 5 ವೋಲ್ಟ್ ರಿಲೇಗಳನ್ನು ನಡೆಸುತ್ತದೆ.

ಸರಿಯಾಗಿರುವ ಬೋರ್ಡಿಗೆ ಕರೆಂಟ್ ಕೊಟ್ಟರೆ ಎಲ್‌ಇಡಿ ಮೂರು ಸಲ ಬೇಗ ಬೇಗ ಮಿನುಗುತ್ತದೆ. 2 ಸೆಕೆಂಡಿಗೆ ಮೊದಲ ರಿಲೇ ಎಳೆಯುತ್ತದೆ, ಇನ್ನೆರಡು ಸೆಕೆಂಡಿಗೆ ಎರಡನೆಯದು. ಎರಡೂ 5 ಸೆಕೆಂಡ್ ಹಾಗೇ ಇದ್ದು ಬಿಡುತ್ತವೆ. ಮತ್ತೆ ಅದೇ ಸುತ್ತು, ಆದರೆ ಎಲ್‌ಇಡಿ ಮಿನುಗುವುದು ಶುರುವಿನಲ್ಲಿ ಮಾತ್ರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚಿಪ್ಪಿನ ಒಳಗಿನ ಪ್ರೋಗ್ರಾಂ ಸರಿಯಾಗಿದೆ. ಅದನ್ನು ನಿಮಗೆ ಕೊಡುವುದಿಲ್ಲ, ಲ್ಯಾಪ್‌ಟಾಪ್ ಕೂಡ ಲ್ಯಾಬ್ ಒಳಗೆ ಬರುವಂತಿಲ್ಲ. ‘ಕೋಡ್‌ನಲ್ಲೇ ಏನೋ ಇದೆ’ ಅನ್ನುವ ವಾದಕ್ಕೆ ಇಲ್ಲಿ ಜಾಗವೇ ಇಲ್ಲ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಚಿಪ್ಪಿನ ಬ್ರೌನ್-ಔಟ್ ಮಟ್ಟವನ್ನು 4.3 ವೋಲ್ಟಿಗೆ ಇಟ್ಟಿದ್ದೇವೆ. ಅಂದರೆ 5 ವೋಲ್ಟ್ ಲೈನ್ ಸುಮಾರು 4.3ಕ್ಕಿಂತ ಕೆಳಗೆ ಇಳಿದರೆ ಚಿಪ್ ತನ್ನಷ್ಟಕ್ಕೆ ರೀಸೆಟ್ ಆಗುತ್ತದೆ.

ಏನು ತರಬಹುದು, ಏನು ತರಬಾರದು

ನಿಮ್ಮದೇ ಮಲ್ಟಿಮೀಟರ್, 25 ವ್ಯಾಟ್ ಸೋಲ್ಡರಿಂಗ್ ಐರನ್, ಸೋಲ್ಡರ್ ವೈರ್, ಪೇಸ್ಟ್, ಡಿಸೋಲ್ಡರಿಂಗ್ ಪಂಪ್, ಭೂತಗನ್ನಡಿ, ಟ್ವೀಜರ್, ಸಣ್ಣ ಜಂಪರ್ ವೈರ್‌ಗಳು. ಇಷ್ಟು ಸಾಕು. ಮಲ್ಟಿಮೀಟರ್‌ನಲ್ಲಿ ಡಯೋಡ್ ಮೋಡ್ ಇರಲೇಬೇಕು. ಇಲ್ಲದವರಿಗೆ ಕ್ಲಬ್ಬಿನಿಂದ ಒಂದು ಕೊಡುತ್ತೇವೆ, ಆದರೆ ನೋಂದಣಿ ಮಾಡುವಾಗಲೇ ಹೇಳಿ.

ತರುವ ಮೀಟರನ್ನು ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಎಸಿ ವೋಲ್ಟ್ ರೇಂಜ್‌ಗೆ ಇಟ್ಟು 9 ವೋಲ್ಟ್ ಬ್ಯಾಟರಿಗೆ ಹಿಡಿಯಿರಿ. ಸೊನ್ನೆ ಅಥವಾ ಅದರ ಹತ್ತಿರ ತೋರಿಸಬೇಕು. ತೀರಾ ಅಗ್ಗದ ಹಳದಿ ಮೀಟರ್‌ಗಳಲ್ಲಿ ಎಸಿ ರೇಂಜ್ ಡಿಸಿಯನ್ನು ತಡೆಯುವುದಿಲ್ಲ. ಪ್ರೋಬ್ ಒಂದು ಕಡೆ ಹಿಡಿದರೆ 18, 19 ಅಂತ ಏನೋ ತೋರಿಸುತ್ತವೆ, ತಿರುಗಿಸಿ ಹಿಡಿದರೆ ಸೊನ್ನೆ. ಮೇಲಾಗಿ ಅವುಗಳ ಅತಿ ಸಣ್ಣ ಎಸಿ ರೇಂಜೇ 200 ವೋಲ್ಟ್. ರಿಪಲ್ ಅಳೆಯಲು ಅಂಥ ಮೀಟರ್ ಬರುವುದಿಲ್ಲ. ಸ್ಪರ್ಧೆಯ ದಿನ ಇದು ಗೊತ್ತಾದರೆ ಅರ್ಧ ಗಂಟೆ ಸುಮ್ನೆ ಹಾಳಾಗುತ್ತದೆ.

ಬಿಡಿ ಭಾಗಗಳನ್ನು ಯಾರೂ ತರಬಾರದು. ಎಸ್‌ಪಿ ರೋಡ್‌ನಿಂದ ಒಂದು ಡಬ್ಬಿ ತುಂಬ ತಂದು ಒಂದೊಂದೇ ಬದಲಾಯಿಸುತ್ತಾ ಹೋದರೆ ಯಾವ ಬೋರ್ಡ್ ಆದರೂ ಒಂದಲ್ಲ ಒಂದು ಹೊತ್ತಿಗೆ ಓಡುತ್ತದೆ ಬಿಡಿ. ಬೇಕಾದ ಭಾಗವನ್ನು ಕೌಂಟರ್‌ನಲ್ಲಿ ಕೇಳಿ ಪಡೆಯಬೇಕು. ಕೇಳುವಾಗ ಅದು ಕೆಟ್ಟಿದೆ ಅನ್ನಲು ಆಧಾರ ಏನು ಅಂತ ಚೀಟಿಯಲ್ಲಿ ಒಂದು ಸಾಲು ಬರೆಯಬೇಕು. ಕಾಂಪೊನೆಂಟ್ ಟೆಸ್ಟರ್, ಎಲ್‌ಸಿಆರ್ ಮೀಟರ್ ಬೇಡ. ಮೊಬೈಲ್ ಬಾಗಿಲ ಬಳಿಯ ಡಬ್ಬಿಯಲ್ಲಿರಲಿ. ಡಯೋಡ್, ರೆಗ್ಯುಲೇಟರ್, ಯುಎಲ್‌ಎನ್ ಮತ್ತು ಎಟಿಮೆಗಾದ ಡೇಟಾಶೀಟ್ ಪುಟಗಳು, ಬೋರ್ಡಿನ ಸರ್ಕ್ಯೂಟ್ ಚಿತ್ರ, ಎಲ್ಲ ಮುದ್ರಿಸಿ ಮೇಜಿನ ಮೇಲೆ ಇಟ್ಟಿರುತ್ತೇವೆ.

ಆಸಿಲೋಸ್ಕೋಪ್ ಮೂರೇ ಇವೆ. ಪ್ರತಿ ತಂಡಕ್ಕೆ ಮೊದಲ 10 ನಿಮಿಷ ಉಚಿತ, ಆಮೇಲೆ ಪ್ರತಿ 5 ನಿಮಿಷಕ್ಕೆ 2 ಅಂಕ ಹೋಗುತ್ತದೆ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಬೋರ್ಡಿನ ಗ್ರೌಂಡ್ ಪಾಯಿಂಟಿಗೆ ಮಾತ್ರ. ಒಂದು ಚಾನೆಲ್‌ನ ಕ್ಲಿಪ್ ಗ್ರೌಂಡಿಗೆ, ಇನ್ನೊಂದರ ಕ್ಲಿಪ್ ಟ್ರಾನ್ಸ್‌ಫಾರ್ಮರ್ ವೈರಿಗೆ ಹಾಕಿದಿರೋ, ಸ್ಕೋಪ್‌ನ ಒಳಗೆ ಆ ಎರಡೂ ಒಂದೇ ತಂತಿ. ಬ್ರಿಡ್ಜ್‌ನ ಒಂದು ಡಯೋಡ್ ಶಾರ್ಟ್ ಆದಂತೆ ಆಗುತ್ತದೆ, ಪಕ್ಕದ ಡಯೋಡ್ ಸುಡುತ್ತದೆ. ಹಾಗಾದರೆ 10 ಅಂಕ ಕಡಿತ, ಹೊಸ ಬೋರ್ಡ್ ಇಲ್ಲ.

230 ವೋಲ್ಟ್ ಇರುವ ಡಬ್ಬಿಯ ಮೊಹರು ಒಡೆದವರನ್ನು ಆಗಲೇ ಹೊರಗೆ ಕಳಿಸುತ್ತೇವೆ. ಇದರಲ್ಲಿ ಮಾತುಕತೆ ಇಲ್ಲ.

ಅಂಕ ಹೇಗೆ

ಒಟ್ಟು 100. ದೋಷವನ್ನು ಮತ್ತೆ ಮತ್ತೆ ಬರುವಂತೆ ಮಾಡಿ ಸರಿಯಾಗಿ ಬರೆದಿದ್ದಕ್ಕೆ 10. ಯಾವ ಭಾಗದಲ್ಲಿದೆ ಅಂತ ಹಂತ ಹಂತವಾಗಿ ಕಿರಿದು ಮಾಡಿದ್ದಕ್ಕೆ 25. ಮೂಲ ಕಾರಣದ ಸಾಬೀತಿಗೆ 35. ರಿಪೇರಿಗೆ 20. ರಿಪೇರಿ ಆದಮೇಲೆ ಮತ್ತೆ ಅಳೆದು ತೋರಿಸಿದ್ದಕ್ಕೆ 10.

ಕೆಟ್ಟಿಲ್ಲದ ಭಾಗವನ್ನು ಬದಲಾಯಿಸಿದರೆ ಒಂದೊಂದಕ್ಕೂ 8 ಅಂಕ ಕಡಿತ. ಸುಳಿವು ಕೇಳಿದರೆ 10. ಅಂಕ ಸಮನಾದರೆ ಬೇಗ ಮುಗಿಸಿದವರು ಮುಂದೆ. ಇದು ಬಿಟ್ಟರೆ ವೇಗಕ್ಕೆ ಬೇರೆ ಅಂಕ ಇಲ್ಲ.

ಎಲ್ಲಕ್ಕೂ ಆಧಾರ ನಿಮ್ಮ ಲಾಗ್ ಹಾಳೆ. ಪ್ರತಿ ಅಳತೆಗೂ ಮೂರು ಕಲಂ: ಎಷ್ಟು ಬರಬೇಕಿತ್ತು, ಎಷ್ಟು ಬಂತು, ಇದರಿಂದ ಏನು ಗೊತ್ತಾಯಿತು. ಮೊದಲ ಕಲಂ ಅನ್ನು ಪ್ರೋಬ್ ಇಡುವ ಮೊದಲೇ ತುಂಬಬೇಕು. ಮೀಟರ್ ನೋಡಿದ ಮೇಲೆ ‘ಹೌದು, ಇಷ್ಟೇ ಬರಬೇಕಿತ್ತು’ ಅನ್ನಿಸುವುದು ಬಹಳ ಸುಲಭ. ಹಾಳೆಯನ್ನು ಪೆನ್ನಿನಲ್ಲೇ ಬರೆಯಿರಿ. ಹೊಡೆದು ಹಾಕಿದ ಸಾಲಿಗೆ ಅಂಕ ಕಡಿಮೆಯಾಗುವುದಿಲ್ಲ.

ಮಾದರಿ ದೋಷ: ನೋಡಿದ ಲಕ್ಷಣ

ಕರೆಂಟ್ ಕೊಟ್ಟಾಗ ಎಲ್‌ಇಡಿ ಮೂರು ಸಲ ಮಿನುಗುತ್ತದೆ. ಮೊದಲ ರಿಲೇ ಎಳೆಯುತ್ತದೆ, ನಿಲ್ಲುತ್ತದೆ. ಎರಡನೆಯದು ‘ಟಕ್’ ಅನ್ನುತ್ತದೆ, ಅಷ್ಟರಲ್ಲಿ ಎರಡೂ ಬಿಟ್ಟುಬಿಡುತ್ತವೆ. ಎಲ್‌ಇಡಿ ಮತ್ತೆ ಮೂರು ಸಲ ಮಿನುಗುತ್ತದೆ. ಹೀಗೇ ಸುತ್ತುತ್ತಿರುತ್ತದೆ.

ಆ ಮೂರು ಮಿನುಗು ಶುರುವಿನಲ್ಲಿ ಮಾತ್ರ ಬರಬೇಕಾದದ್ದು. ಹಾಗಾಗಿ ಚಿಪ್ ರೀಸೆಟ್ ಆಗುತ್ತಿದೆ, ಅದೂ ಎರಡನೇ ರಿಲೇ ಸೇರಿದಾಗ ಮಾತ್ರ. ಇಷ್ಟು ಬರೆದರೆ ಮೊದಲ 10 ಅಂಕ ನಿಮ್ಮದು. ‘ರಿಲೇ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಅಂತ ಬರೆದರೆ ಬರುವುದು ಮೂರೋ ನಾಲ್ಕೋ.

ಇಲ್ಲಿ ತುಂಬಾ ಜನ ತಕ್ಷಣ ಹೇಳುವ ಮಾತು: ‘ರಿಲೇ ಕಾಯಿಲ್‌ನ ಬ್ಯಾಕ್ ಇಎಂಎಫ್ ಹೊಡೀತಾ ಇದೆ.’ ಕೇಳಲು ಸರಿಯಾಗೇ ಇದೆ. ಆದರೆ ಆ ಹೊಡೆತ ಬರುವುದು ಕಾಯಿಲ್ ಆಫ್ ಆಗುವಾಗ. ಇಲ್ಲಿ ತೊಂದರೆ ಆಗುತ್ತಿರುವುದು ಆನ್ ಆಗುವಾಗ. ಜೊತೆಗೆ ಯುಎಲ್‌ಎನ್2003 ಒಳಗೇ ಅದಕ್ಕೆ ಬೇಕಾದ ಡಯೋಡ್‌ಗಳಿವೆ, ಅವು 9ನೇ ಕಾಲಿನಿಂದ 5 ವೋಲ್ಟಿಗೆ ಸೇರಿವೆ. ಆ ಕಾಲನ್ನು ಒಮ್ಮೆ ಬಜರ್‌ನಲ್ಲಿ ನೋಡಿ ಮುಂದೆ ಹೋಗಿ.

ದೋಷವನ್ನು ಹಿಡಿದು ನಿಲ್ಲಿಸುವುದು

ಕಷ್ಟ ಎಲ್ಲಿದೆ ಅಂದರೆ, ಎರಡನೇ ರಿಲೇ ಸೇರಿ ಬೋರ್ಡ್ ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಮಲ್ಟಿಮೀಟರ್ ಒಂದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ಅಷ್ಟರಲ್ಲಿ ಎಲ್ಲ ಮುಗಿದು ಲೈನ್ ಮತ್ತೆ 5 ವೋಲ್ಟಿಗೆ ಬಂದಿರುತ್ತದೆ. ಓಡುತ್ತಿರುವ ಬೋರ್ಡ್ ಮೇಲೆ ಪ್ರೋಬ್ ಹಿಡಿದು ಕೂತರೆ ಮಧ್ಯಾಹ್ನದವರೆಗೂ 5.0 ತೋರಿಸುತ್ತಿರುತ್ತದೆ.

ಅದಕ್ಕೆ ಚಿಪ್ಪನ್ನೇ ತೆಗೆದುಬಿಡಿ. ಪ್ಲಗ್ ಎಳೆದು, ಎಟಿಮೆಗಾವನ್ನು ಸಾಕೆಟ್‌ನಿಂದ ನಿಧಾನವಾಗಿ ಎರಡೂ ತುದಿಯಿಂದ ಎತ್ತಿ. ಈ ಬೋರ್ಡಿನಲ್ಲಿ ಸಾಕೆಟ್‌ನ 4 ಮತ್ತು 5ನೇ ತೂತುಗಳು ಯುಎಲ್‌ಎನ್‌ಗೆ ಹೋಗುತ್ತವೆ, 7ನೇ ತೂತು 5 ವೋಲ್ಟ್. ಎರಡು ಜಂಪರ್ ವೈರ್‌ನಿಂದ 7ನ್ನು 4ಕ್ಕೂ 5ಕ್ಕೂ ಸೇರಿಸಿ ಪ್ಲಗ್ ಹಾಕಿ. ಎರಡೂ ರಿಲೇ ಎಳೆದುಕೊಂಡೇ ಇರುತ್ತವೆ. ಈಗ ರೀಸೆಟ್ ಆಗಲು ಯಾರೂ ಇಲ್ಲ, ದೋಷ ನಿಂತಲ್ಲೇ ನಿಂತಿದೆ. ಆರಾಮವಾಗಿ ಅಳೆಯಬಹುದು. ಚಿಪ್ ಒಳಗಿರುವಾಗ ಮಾತ್ರ ಈ ಜಂಪರ್ ಹಾಕಬೇಡಿ. ಅದರ ಔಟ್‌ಪುಟ್ ಕೆಳಗೆ ಎಳೆಯುತ್ತಿರುವಾಗ ನೀವು 5 ವೋಲ್ಟ್ ಕೊಟ್ಟರೆ ಆ ಕಾಲು ಹೋಗುತ್ತದೆ.

ಈ ಒಂದು ಉಪಾಯಕ್ಕೇ ಕಿರಿದು ಮಾಡುವ 25ರಲ್ಲಿ ಒಳ್ಳೆಯ ಪಾಲು ಇದೆ. ಚಿಪ್ ತೆಗೆಯುವುದನ್ನು ‘ಭಾಗ ಬದಲಾಯಿಸಿದ್ದು’ ಅಂತ ಲೆಕ್ಕ ಹಾಕುವುದಿಲ್ಲ.

ಮೀಟರ್ ಏನು ಹೇಳುತ್ತಿದೆ

ಮೊದಲು 5 ವೋಲ್ಟ್ ಲೈನ್. ಡಿಸಿ ರೇಂಜ್‌ನಲ್ಲಿ 4.75 ಬಂತು. ‘ಸ್ವಲ್ಪ ಕಮ್ಮಿ, ಆದರೂ 4.3ಕ್ಕಿಂತ ಮೇಲೇ ಇದೆಯಲ್ಲ’ ಅನ್ನಿಸುತ್ತದೆ, ಅಲ್ವಾ? ಫಿಲ್ಟರ್ ಕೆಪಾಸಿಟರ್ ಮೇಲೆ 8.1 ಬಂತು. 7805ಗೆ ಒಳಗೆ ಸುಮಾರು 7 ವೋಲ್ಟ್ ಇದ್ದರೆ ಸಾಕು. 8.1 ಇದೆ. ಹಾಗಾದರೆ ರೆಗ್ಯುಲೇಟರ್ ಕೆಟ್ಟಿದೆ ಅಂತ ತೀರ್ಮಾನಕ್ಕೆ ಬಂದು ಕೌಂಟರ್‌ಗೆ ಓಡಿದರೆ 8 ಅಂಕ ಹೋಯಿತು.

ಮೀಟರ್ ತೋರಿಸಿದ್ದು ಸರಾಸರಿ. ಕೆಪಾಸಿಟರ್ ಮೇಲಿನ ವೋಲ್ಟೇಜ್ ಏರಿ ಇಳಿಯುತ್ತಿದ್ದರೆ ಅದರ ಅತಿ ಕೆಳಗಿನ ಬಿಂದು ಎಷ್ಟು ಅನ್ನುವುದೇ ರೆಗ್ಯುಲೇಟರ್‌ಗೆ ಮುಖ್ಯ. ಅದೇ ಜಾಗದಲ್ಲಿ ಪ್ರೋಬ್ ಹಾಗೇ ಇಟ್ಟು ಮೀಟರನ್ನು ಎಸಿಗೆ ತಿರುಗಿಸಿ. ಇಲ್ಲಿ 1.85 ವೋಲ್ಟ್ ಬಂತು. ಹೀಗೆ ಗರಗಸದ ಹಲ್ಲಿನಂತೆ ಏರಿಳಿಯುವ ರಿಪಲ್‌ಗೆ ಎಸಿ ಓದನ್ನು 3.46ರಿಂದ ಗುಣಿಸಿದರೆ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಅಂತರ ಸಿಗುತ್ತದೆ. ಅದು ಸುಮಾರು 6.4 ವೋಲ್ಟ್. ಅದರ ಅರ್ಧವನ್ನು 8.1ರಿಂದ ಕಳೆಯಿರಿ. ಕೆಳಗಿನ ಬಿಂದು 4.9 ವೋಲ್ಟ್!

ಒಳಗೆ 4.9 ಇದ್ದಾಗ 7805ನಿಂದ ಹೊರಗೆ ಮೂರೂವರೆಯೂ ಬರುವುದಿಲ್ಲ. ಚಿಪ್ 4.3ಕ್ಕೇ ರೀಸೆಟ್ ಆಗುವಂಥದ್ದು. ರೆಗ್ಯುಲೇಟರ್ ತನಗೆ ಬಂದದ್ದನ್ನೇ ಕೊಡುತ್ತಿದೆ ಅಷ್ಟೆ, ಅದರ ತಪ್ಪಿಲ್ಲ. ದೋಷ ಅದರ ಹಿಂದೆ ಇದೆ.

ಈಗ ಇಷ್ಟು ರಿಪಲ್ ಬರಬೇಕಿತ್ತಾ ಅಂತ ಲೆಕ್ಕ ಹಾಕೋಣ. ಎರಡೂ ರಿಲೇ ಎಳೆದಾಗ ಬೋರ್ಡ್ ಒಟ್ಟು ಸುಮಾರು 150 ಮಿಲಿಆಂಪ್ ತೆಗೆದುಕೊಳ್ಳುತ್ತದೆ. ಫುಲ್‌ವೇವ್ ಬ್ರಿಡ್ಜ್ ಆದ್ದರಿಂದ ಕೆಪಾಸಿಟರ್ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು.

```
ΔV = I × t / C
ΔV = 0.15 × 0.010 / 0.000470 = 3.2 V
```

9 ವೋಲ್ಟ್ ಎಸಿಯ ಶಿಖರ 12.7. ಎರಡು ಡಯೋಡ್‌ಗೆ 1.4 ಹೋದರೆ 11.3. ಅದರಿಂದ 3.2 ಕಳೆದರೆ 8.1. ಅಂದರೆ ಸರಿಯಾಗಿರುವ ಬೋರ್ಡಿನಲ್ಲಿ ಅತಿ ಕೆಳಗಿನ ಬಿಂದುವೇ 8.1 ಇರಬೇಕಿತ್ತು. ಇಲ್ಲಿ ಸರಾಸರಿ 8.1 ಇದೆ. ರಿಪಲ್ ಸರಿಯಾಗಿ ಎರಡು ಪಟ್ಟು ಆಗಿದೆ. ಈ ಲೆಕ್ಕ ತುಸು ಒರಟು. ಕೆಪಾಸಿಟರ್ ಖಾಲಿಯಾಗುವ ಹೊತ್ತು 10 ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಕೂಡ ಹೊರೆ ಕಡಿಮೆ ಇದ್ದಾಗ 9ಕ್ಕಿಂತ ಜಾಸ್ತಿ ಕೊಡುತ್ತದೆ. ಆದರೂ ಎರಡು ಪಟ್ಟು ವ್ಯತ್ಯಾಸ ಹಿಡಿಯಲು ಇಷ್ಟು ಸಾಕು.

ಒಂದೇ ರಿಲೇ ಇದ್ದಾಗ ಯಾಕೆ ಬೀಳುತ್ತಿರಲಿಲ್ಲ ಅನ್ನುವುದೂ ಈಗ ಗೊತ್ತಾಗುತ್ತದೆ. ಆಗ ಹೊರೆ 90 ಮಿಲಿಆಂಪ್ ಆಸುಪಾಸು. ರಿಪಲ್ ಎರಡು ಪಟ್ಟಾದರೂ 3.8, ಕೆಳಗಿನ ಬಿಂದು 7.5. ರೆಗ್ಯುಲೇಟರ್ ಹೇಗೋ ತೂಗಿಸಿಕೊಂಡು ಹೋಗುತ್ತದೆ. ರಿಲೇಯೇ ಜಾಸ್ತಿ ಕರೆಂಟ್ ಎಳೆಯುತ್ತಿದೆಯಾ ಅನ್ನುವ ಅನುಮಾನ ಇದ್ದರೆ ಪ್ಲಗ್ ಎಳೆದು ಎರಡೂ ಕಾಯಿಲ್ ಅಳೆಯಿರಿ. ಎರಡೂ 70 ಓಮ್ ಹತ್ತಿರ ಬಂದವು. ಅದನ್ನು ಬಿಟ್ಟುಬಿಡಿ.

ಒಂದೇ ಓದು, ಎರಡು ಕಾರಣ

ಈ ದೋಷವನ್ನು ನಾವು ಆರಿಸಿಕೊಂಡಿದ್ದೇ ಇಲ್ಲಿಗಾಗಿ. ರಿಪಲ್ ಎರಡು ಪಟ್ಟು ಆಗಲು ಎರಡು ದಾರಿ. ಕೆಪಾಸಿಟರ್ ಒಣಗಿ 470 ಇದ್ದದ್ದು 235 ಆಗಿರಬಹುದು. ಇಲ್ಲವೇ ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ಓಪನ್ ಆಗಿ ಹಾಫ್‌ವೇವ್ ಆಗಿರಬಹುದು, ಆಗ ಕೆಪಾಸಿಟರ್ ತುಂಬುವುದು 20 ಮಿಲಿಸೆಕೆಂಡಿಗೊಮ್ಮೆ. ಮೇಲಿನ ಲೆಕ್ಕದಲ್ಲಿ ಕೆಳಗಿನದನ್ನು ಅರ್ಧ ಮಾಡಿದರೂ ಒಂದೇ, ಮೇಲಿನ ಹೊತ್ತನ್ನು ಎರಡು ಪಟ್ಟು ಮಾಡಿದರೂ ಒಂದೇ. ಮಲ್ಟಿಮೀಟರ್‌ನಲ್ಲಿ ಡಿಸಿಯೂ ಅದೇ, ಎಸಿಯೂ ಅದೇ.

ಅನುಭವ ಇರುವ ಮೆಕ್ಯಾನಿಕ್ ಕೂಡ ಇಲ್ಲಿ ಮೊದಲು ಕೆಪಾಸಿಟರ್ ಮೇಲೇ ಕೈ ಇಡುತ್ತಾರೆ. ಅದೇನೂ ತಪ್ಪಲ್ಲ, ಹಳೆಯ ಸಾಮಾನುಗಳಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕೆಡುವುದೇ ಹೆಚ್ಚು. ಇರುವುದರ ಪಕ್ಕಕ್ಕೆ ಇನ್ನೊಂದು ಒಳ್ಳೆಯ 470 ಹಿಡಿದು ನೋಡುತ್ತಾರೆ. ಹಿಡಿದ ಕೂಡಲೇ ಬೋರ್ಡ್ ಸರಿಯಾಗಿ ಓಡುತ್ತದೆ. ‘ಕೆಪಾಸಿಟರ್ ಹೋಗಿತ್ತು’ ಅಂತ ಹೊಸದು ಹಾಕಿ ಮುಗಿಸುತ್ತಾರೆ. ಆದರೆ ಕಾರಣ ಡಯೋಡ್ ಆಗಿದ್ದರೂ ಎರಡು ಕೆಪಾಸಿಟರ್ ಸೇರಿ 940 ಆದಾಗ ರಿಪಲ್ 3.2ಕ್ಕೇ ಇಳಿಯುತ್ತದೆ. ಈ ಪರೀಕ್ಷೆ ಎರಡನ್ನೂ ಬೇರೆ ಮಾಡುವುದೇ ಇಲ್ಲ.

ಬೇರೆ ಮಾಡುವುದು ರಿಪಲ್‌ನ ವೇಗ. ನಮ್ಮ ಮೇನ್ಸ್ 50 ಹರ್ಟ್ಸ್. ನಾಲ್ಕೂ ಡಯೋಡ್ ಕೆಲಸ ಮಾಡುತ್ತಿದ್ದರೆ ರಿಪಲ್ 100 ಹರ್ಟ್ಸ್, ಕೆಪಾಸಿಟರ್ ಎಷ್ಟೇ ಒಣಗಿರಲಿ. ಒಂದು ಡಯೋಡ್ ಹೋಗಿದ್ದರೆ 50. ಸ್ಕೋಪ್‌ಗೆ ಹೋಗಿ, ಒಂದು ಚೌಕಕ್ಕೆ 5 ಮಿಲಿಸೆಕೆಂಡ್ ಇಟ್ಟು ನೋಡಿ. ಶಿಖರದಿಂದ ಶಿಖರಕ್ಕೆ ಎರಡು ಚೌಕವೋ ನಾಲ್ಕು ಚೌಕವೋ, ಇಷ್ಟೇ ಪ್ರಶ್ನೆ. ನಮ್ಮ ಬೋರ್ಡಿನಲ್ಲಿ ನಾಲ್ಕು. ಎರಡು ನಿಮಿಷದ ಕೆಲಸ. ಮೀಟರ್‌ನಲ್ಲಿ ಹರ್ಟ್ಸ್ ಬಟನ್ ಇದ್ದರೆ, ಇಷ್ಟು ದೊಡ್ಡ ರಿಪಲ್‌ಗೆ ಅದೂ ಸಾಮಾನ್ಯವಾಗಿ ಓದುತ್ತದೆ, ಸ್ಕೋಪ್ ಸರದಿ ಕಾಯಬೇಕಿಲ್ಲ.

ಯಾವ ಡಯೋಡ್? ಇಲ್ಲೊಂದು ಬಲೆ ಇದೆ

ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿಯಾಗಿದೆ ಅಂತ ಮೀಟರ್‌ನಲ್ಲಿ ನೋಡಿ, ಡಯೋಡ್ ಮೋಡ್‌ಗೆ ಇಡಿ. ಒಳ್ಳೆಯ 1ಎನ್4007 ಒಂದು ಕಡೆ 0.55ರಿಂದ 0.65 ತೋರಿಸಬೇಕು, ತಿರುಗಿಸಿದರೆ `OL`.

ಡಬ್ಬಿಯ ಸ್ವಿಚ್ ಮಾತ್ರ ಆಫ್ ಮಾಡಿ, ಪ್ಲಗ್ ಬೋರ್ಡಿನಲ್ಲೇ ಬಿಟ್ಟು ಅಳೆದವರಿಗೆ ನಾಲ್ಕೂ ಡಯೋಡ್ ಚೆನ್ನಾಗಿಯೇ ಕಾಣುತ್ತವೆ. ಯಾಕೆ ಅಂದರೆ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಸುತ್ತು ಕೆಲವೇ ಓಮ್. ಮೀಟರ್‌ಗೆ ಅದು ಒಂದು ತಂತಿ ಇದ್ದಂತೆ. ಪ್ಲಸ್ ಕಡೆಯ ಎರಡು ಡಯೋಡ್‌ಗಳು ಆ ಸುತ್ತಿನ ಮೂಲಕ ಪ್ಯಾರಲಲ್ ಆಗಿಬಿಡುತ್ತವೆ. ಒಂದು ಹೋಗಿದ್ದರೆ ಅದರ ಜಾಗದಲ್ಲಿ ಇನ್ನೊಂದು ಓದುತ್ತದೆ. ಹಾಗಾಗಿ ಪ್ಲಗ್ ಅನ್ನು ಬೋರ್ಡಿನಿಂದಲೇ ಎಳೆಯಬೇಕು. ಡಯೋಡ್ ಬಿಚ್ಚುವ ಅಗತ್ಯ ಇಲ್ಲ.

ಪ್ಲಗ್ ಎಳೆದು ಮತ್ತೆ ಅಳೆದೆವು ಅಂದುಕೊಳ್ಳಿ. ಡಿ1 0.58. ಡಿ3, ಡಿ4 ಕೂಡ ಅಷ್ಟೆ. ಡಿ2? ಅದೂ 0.58! ಸ್ಕೋಪ್ 50 ಹರ್ಟ್ಸ್ ಅನ್ನುತ್ತಿದೆ, ಡಯೋಡ್ ನಾಲ್ಕೂ ಸರಿ ಅನ್ನುತ್ತಿವೆ. ಇಂಥ ಕಡೆ ಸ್ಕೋಪನ್ನು ಅನುಮಾನಿಸುವ ಬದಲು ಪ್ರೋಬ್ ಎಲ್ಲಿಟ್ಟಿರಿ ಅಂತ ನೋಡಿಕೊಳ್ಳಿ.

ಬೋರ್ಡ್ ಮೇಲಿನಿಂದ ಡಯೋಡ್‌ನ ಕಾಲಿಗೇ ಪ್ರೋಬ್ ಇಟ್ಟರೆ ನೀವು ಪರೀಕ್ಷಿಸಿದ್ದು ಡಯೋಡನ್ನು ಮಾತ್ರ. ಕರೆಂಟ್ ಹೋಗಬೇಕಾದದ್ದು ಕಾಲಿನಿಂದ ಬೆಸುಗೆಗೆ, ಬೆಸುಗೆಯಿಂದ ತಾಮ್ರದ ಟ್ರ್ಯಾಕ್‌ಗೆ. ಬೋರ್ಡ್ ತಿರುಗಿಸಿ, ಡಿ2ರ ಬೆಸುಗೆಯಿಂದ ಅರ್ಧ ಇಂಚು ಆಚೆ, ಅದೇ ಟ್ರ್ಯಾಕ್ ಮುಂದಿನ ಬೆಸುಗೆಗೆ ಸೇರುವಲ್ಲಿ ಪ್ರೋಬ್ ಇಡಿ. ಈಗ `OL`. ಕಾಲಿನಿಂದ ಟ್ರ್ಯಾಕ್‌ಗೆ ಬಜರ್ ಹಿಡಿದರೆ ಸದ್ದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ಡ್ರೈ ಸೋಲ್ಡರ್. ಬೆಸುಗೆಯ ಮೇಲೇ ಪ್ರೋಬ್ ಒತ್ತಿ ಹಿಡಿದರೆ ಬಿರುಕು ಕೂಡಿಕೊಂಡು ಮತ್ತೆ 0.58 ಬರುತ್ತದೆ. ಅದಕ್ಕೇ ಒತ್ತಬೇಡಿ, ಪಕ್ಕದಲ್ಲಿ ಇಡಿ.

ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಲು ಸ್ಪರ್ಧೆಯಲ್ಲಿ ಅವಕಾಶ ಇದೆ. ಡ್ರೈ ಸೋಲ್ಡರ್ ಇದ್ದರೆ ತಟ್ಟಿದಾಗ ರಿಲೇ ನಿಂತಂತೆ ಮಾಡಿ ಮತ್ತೆ ಬೀಳುತ್ತದೆ. ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಬೇಡಿ. ಇರುವ ಒಂದು ಬಿರುಕು ಸಾಲದು ಅಂತ ಇನ್ನೂ ನಾಲ್ಕು ಮಾಡಿಕೊಂಡಂತಾಗುತ್ತದೆ.

ರಿಪೇರಿ ಸಣ್ಣದು. ಹಳೆಯ ಸೀಸವನ್ನು ಪಂಪ್‌ನಲ್ಲಿ ಎಳೆದು, ಕಾಲನ್ನು ಸ್ವಲ್ಪ ಕೆರೆದು, ಪೇಸ್ಟ್ ಹಚ್ಚಿ ಹೊಸದಾಗಿ ಬೆಸುಗೆ ಹಾಕುವುದು. ಹಳೆಯದರ ಮೇಲೇ ಇನ್ನಷ್ಟು ಸೀಸ ಸುರಿದರೆ ಒಳಗಿನ ಕಿಲುಬು ಅಲ್ಲೇ ಇರುತ್ತದೆ, ಅದಕ್ಕೆ 20ರಲ್ಲಿ 12 ಮಾತ್ರ. ಡಯೋಡ್ ಬದಲಾಯಿಸಬೇಕಿಲ್ಲ.

ಆಮೇಲೆ ಜಂಪರ್ ಹಾಕಿ ಮತ್ತೆ ಅಳೆಯಿರಿ. ಕೆಪಾಸಿಟರ್ ಮೇಲೆ ಡಿಸಿ 9.7 ಆಸುಪಾಸು, ಎಸಿ 0.9 ಆಸುಪಾಸು ಬರಬೇಕು. ಚಿಪ್ಪನ್ನು ಕಚ್ಚಿನ ಗುರುತು ನೋಡಿ ಕೂರಿಸಿ 5 ನಿಮಿಷ ಓಡಿಸಿ. ಶುರುವಿನ ಮೂರು ಮಿನುಗು ಮತ್ತೆ ಬರಬಾರದು.

ಇದೇ ದೋಷಕ್ಕೆ ಎರಡು ಹಾಳೆ

ಒಂದು ತಂಡ 25 ನಿಮಿಷದಲ್ಲಿ ಹೊಸ ಕೆಪಾಸಿಟರ್ ಹಾಕಿತು ಅಂತಿಟ್ಟುಕೊಳ್ಳಿ. ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲೇ ಬೆಸೆದರು, ಬೋರ್ಡ್ ಓಡುತ್ತಿದೆ. ಲಕ್ಷಣಕ್ಕೆ 10, ರಿಪಲ್‌ವರೆಗೆ ಬಂದದ್ದಕ್ಕೆ 15. ಸಾಬೀತು ಇಲ್ಲ, ಸೊನ್ನೆ. ರಿಪೇರಿಗೆ 5, ಯಾಕೆಂದರೆ ರೀಸೆಟ್ ನಿಂತಿದೆ. ಕೊನೆಯ ಅಳತೆ ಇಲ್ಲ. ಕೆಟ್ಟಿಲ್ಲದ ಕೆಪಾಸಿಟರ್‌ಗೆ 8 ಕಡಿತ. ಒಟ್ಟು 22.

ಇನ್ನೊಂದು ತಂಡಕ್ಕೆ 70 ನಿಮಿಷ ಹಿಡಿಯಿತು. ಸ್ಕೋಪ್ ಮುಂದೆ 10 ನಿಮಿಷದ ಮೇಲೂ ಕೂತದ್ದಕ್ಕೆ 2 ಕಡಿತ. ಪ್ಲಗ್ ಎಳೆಯದೆ ಡಯೋಡ್ ಅಳೆದು, ಎಲ್ಲ ಸರಿ ಅಂತ ಬರೆದು, ಆಮೇಲೆ ಹೊಡೆದು ಹಾಕಿದ್ದಾರೆ. ಅದಕ್ಕೆ ಕಡಿತ ಇಲ್ಲ. 50 ಹರ್ಟ್ಸ್, ಟ್ರ್ಯಾಕ್‌ನಲ್ಲಿ `OL`, ಕಾಲಿನಲ್ಲಿ 0.58, ಮೂರೂ ಹಾಳೆಯಲ್ಲಿವೆ. 10, 22, 35, 20, 8. ಎರಡು ಕಳೆದು 93.

‘ಮೊದಲ ತಂಡದ ಬೋರ್ಡೂ ಓಡುತ್ತಿದೆಯಲ್ಲ’ ಅಂತ ಕೇಳಬಹುದು. ಓಡುತ್ತಿದೆ. ಆದರೆ ಡಿ2ರ ಕೆಲಸವೂ ಉಳಿದ ಕವಲಿನ ಎರಡು ಡಯೋಡ್‌ಗಳ ಮೇಲೇ ಬಿದ್ದಿದೆ. ಆ ಬೆಸುಗೆಯೂ ಹಾಗೇ ಬಿರುಕು ಬಿಟ್ಟುಕೊಂಡಿದೆ. ಹೊರೆ ಇನ್ನಷ್ಟು ಹೆಚ್ಚಿಸಿದ ದಿನ ಅದೇ ದೂರು ವಾಪಸ್ ಬರಬಹುದು.

ಹೆಸರು ಕೊಡುವುದು

ಇಬ್ಬರ ಹೆಸರು, ಸೆಮಿಸ್ಟರ್, ಮೀಟರ್ ಇದೆಯಾ ಇಲ್ಲವಾ, ಇಷ್ಟನ್ನು ಚೀಟಿಯಲ್ಲಿ ಬರೆದು ವಿಭಾಗದ ಕಚೇರಿ ಹೊರಗಿನ ಕ್ಲಬ್ ಡಬ್ಬಿಗೆ ಹಾಕಿ. ಶುಲ್ಕ ಇಲ್ಲ. ಬೋರ್ಡ್ ಇರುವುದು ಹದಿನೆಂಟೇ. ಮೊದಲು ಬಂದ ಚೀಟಿಗೆ ಮೊದಲ ಜಾಗ. ಸ್ಪರ್ಧೆಗೆ ಮುಂಚಿನ ಬುಧವಾರ ಸಂಜೆ 4ರಿಂದ ಅದೇ ಲ್ಯಾಬ್‌ನಲ್ಲಿ ಮೇಲಿನ ಮಾದರಿ ಬೋರ್ಡ್ ಇಟ್ಟಿರುತ್ತೇವೆ. ಡಿ2ರ ಬೆಸುಗೆ ಬಿರುಕು ಹಾಗೇ ಇರುತ್ತದೆ, ಬಂದು ಅಳೆದು ನೋಡಿ. ದಯವಿಟ್ಟು ಅದನ್ನು ಸರಿ ಮಾಡಿ ಹೋಗಬೇಡಿ, ಮುಂದಿನವರಿಗೂ ಬೇಕು.